ಫೋಟೊದೊಳಗಿನ ಎಂಟು ಸುತ್ತು

ಬೆಳಗಿನ ಏಳು ಗಂಟೆ ದಾಟಿತೆಂದರೆ ಓಟಗಾರರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಒಂದೇ ಬಗೆಯ ಫೋಟೊಗಳು ಬಂದು ಬೀಳತೊಡಗುತ್ತವೆ. ಬೆವರಿದ ಅಂಗೈ, ಅದರಲ್ಲೊಂದು ಕಪ್ಪು ಸ್ಟಾಪ್‌ವಾಚ್, ಬೂದು ಬಣ್ಣದ ಪರದೆಯ ಮೇಲೆ ಎರಡು ಮೂರು ಸಾಲು ಅಂಕಿಗಳು. ಕೆಳಗೆ ಒಂದು ಸಾಲಿನ ಪ್ರಶ್ನೆ: ‘ಆವರೇಜ್ ಪೇಸ್ ಎಷ್ಟು ಬಂತು ಸ್ವಲ್ಪ ನೋಡಿ ಹೇಳಿ.’

ಜಿಪಿಎಸ್ ಇರುವ ಕೈಗಡಿಯಾರ ಕಟ್ಟಿದವರಿಗೆ ಈ ತಾಪತ್ರಯವಿಲ್ಲ ಅನ್ನಿಸಬಹುದು. ಆದರೆ 400 ಮೀಟರ್ ಟ್ರ್ಯಾಕಿನ ತಿರುವುಗಳಲ್ಲಿ ಜಿಪಿಎಸ್ ಆಗಾಗ ಅಡ್ಡದಾರಿ ಹಿಡಿಯುತ್ತದೆ. ಓಡಿದವರು ಒಂದು ಗೆರೆಯಲ್ಲಿದ್ದರೆ ನಕ್ಷೆಯ ಗೆರೆ ಹುಲ್ಲಿನ ಮೇಲೋ ಗ್ಯಾಲರಿಯ ಮೇಲೋ ಇರುತ್ತದೆ. ಟ್ರ್ಯಾಕಿನಲ್ಲಿ ದೂರ ಮೊದಲೇ ಗೊತ್ತಿದೆ. ಗೊತ್ತಾಗಬೇಕಾದ್ದು ಸಮಯ ಮಾತ್ರ. ಹಾಗಾಗಿ ಜಿಲ್ಲಾ ಕ್ರೀಡಾಂಗಣದ ಕೋಚ್‌ಗಳಿಂದ ಹಿಡಿದು ಶಾಲೆಯ ಪಿ.ಟಿ. ಮೇಷ್ಟ್ರುಗಳವರೆಗೆ ಬಹಳ ಮಂದಿ ಇಂದಿಗೂ ನಂಬುವುದು ಕೊರಳಿಗೆ ದಾರ ಕಟ್ಟಿ ನೇತುಹಾಕಿಕೊಂಡ ಸ್ಟಾಪ್‌ವಾಚನ್ನೇ. ಅದರ ಮೆಮೊರಿಯಲ್ಲಿರುವುದನ್ನು ಪುಸ್ತಕಕ್ಕೆ ಇಳಿಸುವಷ್ಟು ಪುರುಸೊತ್ತು ಇಲ್ಲದಿದ್ದಾಗ ಮೊಬೈಲಿನಲ್ಲಿ ಒಂದು ಫೋಟೊ ಹೊಡೆದಿಟ್ಟುಕೊಳ್ಳುತ್ತಾರೆ. ಲೆಕ್ಕ ಆಮೇಲೆ, ತಿಂಡಿಯಾದ ಮೇಲೆ.

ಆ ಲೆಕ್ಕ ಐದನೇ ಕ್ಲಾಸಿನ ಕೂಡುವುದು, ಕಳೆಯುವುದು, ಭಾಗಿಸುವುದಷ್ಟೇ. ಆದರೂ ಅದು ತಪ್ಪುವ ಜಾಗಗಳು ಒಂದಷ್ಟಿವೆ, ಮತ್ತು ಹೆಚ್ಚಿನವು ಕಣ್ಣಿಗೆ ಬೀಳುವುದಿಲ್ಲ. ಬಂದ ಉತ್ತರ ನೋಡಲು ಸರಿಯಾಗಿಯೇ ಇರುತ್ತದೆ. ಒಳ್ಳೆಯ ಸುದ್ದಿ ಏನೆಂದರೆ, ಫೋಟೊ ಸರಿಯಾಗಿ ತೆಗೆದಿದ್ದರೆ ತಪ್ಪನ್ನು ಹಿಡಿಯುವ ಸಾಮಾನು ಆ ಫೋಟೊದೊಳಗೇ ಇರುತ್ತದೆ.

ಮೊದಲು ವಾಚು ಏನನ್ನು ತೋರಿಸುತ್ತದೆ ಎಂಬುದನ್ನು ನೋಡಬೇಕು. ಸುತ್ತುಗಳನ್ನು ನೆನಪಿಟ್ಟುಕೊಳ್ಳುವ ಸ್ಟಾಪ್‌ವಾಚುಗಳಲ್ಲಿ ಪ್ರತಿ ಸಲ ಗುಂಡಿ ಒತ್ತಿದಾಗಲೂ ಎರಡು ಅಂಕಿ ದಾಖಲಾಗುತ್ತವೆ. LAP ಎಂದಿರುವುದು ಆ ಒಂದು ಸುತ್ತಿಗೆ ಹಿಡಿದ ಸಮಯ. SPLIT ಎಂದಿರುವುದು ಓಟ ಶುರುವಾದಾಗಿನಿಂದ ಅಲ್ಲಿಯವರೆಗಿನ ಒಟ್ಟು ಸಮಯ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಅವತ್ತು ಕಟ್ಟಿದ ಹಣ ಒಂದು ಕಡೆ, ಬಾಕಿ ಇನ್ನೊಂದು ಕಡೆ ಇರುವ ಹಾಗೆ. ಮೈದಾನದ ಮಾತಿನಲ್ಲಿ ಮಾತ್ರ ‘ಸ್ಪ್ಲಿಟ್’ ಎಂದರೆ ಬಹುತೇಕರು ಒಂದೊಂದು ಸುತ್ತಿನ ಸಮಯವನ್ನೇ ಹೇಳುತ್ತಿರುತ್ತಾರೆ. ಅನುಮಾನ ಬಂದರೆ ಅಕ್ಷರ ಬಿಟ್ಟು ಅಂಕಿ ನೋಡಿದರಾಯಿತು: ಏರುತ್ತಲೇ ಹೋಗುವ ಸಾಲು ಒಟ್ಟು ಸಮಯದ್ದು.

ಫೋಟೊ ತೆಗೆಯಬೇಕಾದ್ದು ಓಟ ಮುಗಿದು ವಾಚು ನಿಲ್ಲಿಸಿದ ಮೇಲೆ, ರೀಸೆಟ್ ಒತ್ತುವ ಮೊದಲು. ಬಹಳಷ್ಟು ವಾಚುಗಳಲ್ಲಿ ರೀಸೆಟ್ ಒತ್ತಿದರೆ ಮೆಮೊರಿ ಖಾಲಿ. ರಿಕಾಲ್ ಗುಂಡಿ ಒತ್ತುತ್ತ ಹೋದರೆ ಒಂದೊಂದೇ ಸುತ್ತು ಪರದೆಗೆ ಬರುತ್ತದೆ, ಒಂದೊಂದಕ್ಕೂ ಒಂದು ಫೋಟೊ. ಆಗ ಅಂಕಿಗಳು ನಿಂತಿರುತ್ತವೆ. ಓಡುತ್ತಿರುವ ವಾಚಿನ ಫೋಟೊ ತೆಗೆದರೆ ಕೊನೆಯ ಎರಡು ಅಂಕಿಗಳು ಒಂದರ ಮೇಲೊಂದು ಬಿದ್ದು ಎಲ್ಲವೂ 8ರಂತೆ ಕಾಣುತ್ತವೆ. ಎಷ್ಟನೇ ಸುತ್ತು ಎಂದು ತೋರಿಸುವ ಮೂಲೆಯ ಪುಟ್ಟ ಸಂಖ್ಯೆ ಚೌಕಟ್ಟಿನೊಳಗೇ ಇರಬೇಕು. ಗ್ಯಾಲರಿಯಲ್ಲಿ ಫೋಟೊಗಳು ಹಿಂದುಮುಂದಾದಾಗ ಕೈ ಹಿಡಿಯುವುದು ಅದೇ. ಈ ಪರದೆಗಳನ್ನು ಓರೆಯಾಗಿ ನೋಡಿದರೆ ಅಂಕಿ ಮಸುಕಾಗುತ್ತವೆ, ಬಿಸಿಲಿಗೆ ಹಿಡಿದರೆ ಗಾಜಿನ ಮೇಲೆ ಆಕಾಶ ಮೂಡುತ್ತದೆ. ಸೂರ್ಯನಿಗೆ ಬೆನ್ನು ಹಾಕಿ, ಮೈಯ ನೆರಳಿನಲ್ಲಿ ವಾಚು ಹಿಡಿದು, ನೇರವಾಗಿ ತೆಗೆದರೆ ಸಾಕು.

ಇಷ್ಟಾದರೂ ಓದುವಾಗ ತಪ್ಪಾಗುತ್ತದೆ. ಸ್ಟಾಪ್‌ವಾಚಿನ ಪ್ರತಿ ಅಂಕಿಯೂ ಏಳು ಗೀಟುಗಳಿಂದ ಆದದ್ದು. ಏಳೂ ಹೊತ್ತಿದರೆ 8. ಅದರಲ್ಲಿ ಒಂದು ಗೀಟು ಹೊಳಪಿನಲ್ಲಿ ಮುಳುಗಿದರೆ ಅದೇ 8 ಯಾವ ಗೀಟು ಹೋಯಿತು ಎಂಬುದರ ಮೇಲೆ 6, 9 ಇಲ್ಲವೇ 0 ಆಗಿಬಿಡುತ್ತದೆ. 7ರ ನೆತ್ತಿಯ ಗೀಟು ಹೋದರೆ 1. ಫೋಟೊದಿಂದ ಅಕ್ಷರ ಎತ್ತಿಕೊಡುವ ಮೊಬೈಲಿನ ಸೌಲಭ್ಯವೂ ಇಲ್ಲಿ ಎಡವುತ್ತದೆ. ಗೀಟುಗಳ ನಡುವಿನ ಬಿರುಕುಗಳು ಅದಕ್ಕೆ ಗೊಂದಲ, ನಡುವಿನ ಚುಕ್ಕೆಗಳಂತೂ ಎಷ್ಟೋ ಸಲ ಮಾಯ. 1:38.40 ಎಂಬುದು 13840 ಎಂದು ಬಂದು ಕೂರುತ್ತದೆ.

ಈಗ ಒಂದು ಲೆಕ್ಕ ಹಿಡಿದು ಕೊನೆತನಕ ಹೋಗಬಹುದು. ಇದು ವಿವರಿಸಲೆಂದೇ ಕಟ್ಟಿದ ಉದಾಹರಣೆ. ಪಿಯುಸಿ ಓದುವ ಹುಡುಗಿಯೊಬ್ಬಳು 400 ಮೀಟರ್ ಟ್ರ್ಯಾಕಿನಲ್ಲಿ 3000 ಮೀಟರ್ ಓಡಿದ್ದಾಳೆ. ಏಳೂವರೆ ಸುತ್ತು. ಅರ್ಧ ಸುತ್ತು ಮೊದಲೇ ಬರುತ್ತದೆ: ಓಟ ಶುರುವಾಗುವುದು ಫಿನಿಶ್ ಲೈನಿನ ಎದುರು ಬದಿಯಲ್ಲಿ, ಮೊದಲ ಸಲ ಫಿನಿಶ್ ಲೈನ್ ದಾಟುವಾಗ ಆಗಿರುವುದು 200 ಮೀಟರ್ ಮಾತ್ರ. ಫಿನಿಶ್ ಲೈನಿನಲ್ಲಿ ನಿಂತ ಕೋಚ್ ಎಂಟು ಸಲ ಗುಂಡಿ ಒತ್ತಿದ್ದಾರೆ. ಎಂಟು ಫೋಟೊಗಳಿಂದ ಇಳಿಸಿಕೊಂಡ ಅಂಕಿಗಳು ಹೀಗಿವೆ:

```
     LAP       SPLIT
1    0:44.31    0:44.31
2    1:32.18    2:16.49
3    1:33.05    3:49.54
4    1:34.62    5:24.16
5    1:35.87    7:00.03
6    1:36.40    8:38.43
7    1:36.11   10:14.54
8    1:27.26   11:41.80
```

ಭಾಗಾಕಾರಕ್ಕೆ ಕೈ ಹಾಕುವ ಮೊದಲು ಒಂದು ಕೆಲಸ. ಹಿಂದಿನ SPLITಗೆ ಈ ಸುತ್ತಿನ LAP ಕೂಡಿದರೆ ಈ ಸುತ್ತಿನ SPLIT ಬರಲೇಬೇಕು. ಎರಡನೇ ಸಾಲಿನಲ್ಲಿ 44.31ಕ್ಕೆ 1:32.18 ಕೂಡಿದರೆ 2:16.49. ಸರಿ. ಹೀಗೇ ಐದನೇ ಸಾಲಿನವರೆಗೂ ತಾಳೆಯಾಗುತ್ತದೆ. ಆರನೆಯದರಲ್ಲಿ 7:00.03ಕ್ಕೆ 1:36.40 ಕೂಡಿದರೆ ಬರುವುದು 8:36.43, ಬರೆದಿರುವುದು 8:38.43. ಸರಿಯಾಗಿ ಎರಡು ಸೆಕೆಂಡ್ ವ್ಯತ್ಯಾಸ.

ವ್ಯತ್ಯಾಸದ ರೂಪವನ್ನು ಗಮನಿಸಬೇಕು. ಒಂದೇ ಅಂಕಿಯ ಜಾಗದಲ್ಲಿ, ಪೂರ್ಣ ಎರಡು, ಉಳಿದದ್ದೆಲ್ಲ ಹೊಂದಿಕೆ. ವಾಚಿನೊಳಗಿನ ಲೆಕ್ಕ ಹೀಗೆ ತಪ್ಪುವುದಿಲ್ಲ, ಗುಂಡಿ ಒತ್ತಿದ ಬೆರಳು ತಡವಾದರೂ ಎರಡು ಸಾಲುಗಳ ತಾಳೆ ಕೆಡುವುದಿಲ್ಲ. ಇದು ಕಣ್ಣಿನ ತಪ್ಪು, 8 ಮತ್ತು 6ರ ಗೊಂದಲ. ಆದರೆ ತಪ್ಪಿರುವುದು LAPನಲ್ಲೋ SPLITನಲ್ಲೋ? ಅದಕ್ಕೆ ಮುಂದಿನ ಸಾಲು ಸಾಕ್ಷಿ. 10:14.54ರಲ್ಲಿ 8:38.43 ಕಳೆದರೆ 1:36.11, ಏಳನೇ ಸುತ್ತಿನ LAP ಕೂಡ ಅದೇ. ಅಂದಮೇಲೆ SPLIT ಸರಿ, ಆರನೇ LAP ತಪ್ಪು, ಅದು 1:38.40 ಆಗಿರಬೇಕು. ಫೋಟೊ ಹಿಗ್ಗಿಸಿ ನೋಡಿದರೆ 6ರ ಬಲ ಮೇಲ್ಗಡೆ ಗಾಜಿನ ಹೊಳಪು ಕೂತಿರುವುದು ಕಾಣುತ್ತದೆ.

ಬರೀ ಒಂದೇ ಸಾಲನ್ನು ಬರೆದುಕೊಂಡಿದ್ದರೆ ಈ ತಪ್ಪು ಹಾಗೇ ದಾಟಿಹೋಗುತ್ತಿತ್ತು. ಬರೀ LAP ಬರೆದುಕೊಂಡಿದ್ದರೆ ಒಟ್ಟು ಸಮಯದಲ್ಲಿ ಎರಡು ಸೆಕೆಂಡ್ ಕಡಿಮೆಯಾಗುತ್ತಿತ್ತು. ಬರೀ SPLIT ಬರೆದುಕೊಂಡು ಅದರಲ್ಲೇ 8:38ನ್ನು 8:36 ಎಂದು ಓದಿದ್ದರೆ ಇನ್ನೂ ಮೋಸ: ಆರನೇ ಸುತ್ತು 1:36.40, ಏಳನೆಯದು 1:38.11 ಎಂದು ಬರುತ್ತಿತ್ತು. ಎರಡೂ ನಂಬುವಂಥ ಅಂಕಿಗಳೇ. ಒಟ್ಟು ಸಮಯವೂ ಸರಿಯಾಗಿಯೇ ಇರುತ್ತಿತ್ತು. ಹುಡುಗಿ ಸೋತದ್ದು ಆರನೇ ಸುತ್ತಿನಲ್ಲಿ. ಕೋಚ್ ಬೈಯುತ್ತಿದ್ದದ್ದು ಏಳನೆಯದಕ್ಕೆ.

ಬೆರಳಿನ ಎಡವಟ್ಟುಗಳ ಗುರುತು ಬೇರೆಯೇ ಇರುತ್ತದೆ. ಯಾವುದೋ ಮಾತಿಗೆ ಕಿವಿಗೊಟ್ಟು ಒಂದು ಸುತ್ತಿಗೆ ಗುಂಡಿ ಒತ್ತುವುದನ್ನೇ ಮರೆತರೆ ಪಟ್ಟಿಯಲ್ಲಿ 3:10.49ರಂಥ ಒಂದು ಸಾಲು ಬರುತ್ತದೆ, ಎರಡು ಸುತ್ತುಗಳ ಮೊತ್ತ. ಅದನ್ನು ಅರ್ಧ ಮಾಡಿ ಎರಡಕ್ಕೂ 1:35.2 ಎಂದು ಹಂಚಬಹುದೇ ಹೊರತು ಯಾವ ಸುತ್ತು ವೇಗ, ಯಾವುದು ನಿಧಾನ ಎಂಬುದು ಹೋಯಿತೆಂದೇ ಅರ್ಥ. ಗುಂಡಿ ಎರಡು ಸಲ ಒತ್ತಿಬಿಟ್ಟರೆ 0:00.36ರಂಥ ಪುಡಿ ಸುತ್ತೊಂದು ಹುಟ್ಟುತ್ತದೆ. ಆ ಪುಡಿಯನ್ನು ಮುಂದಿನ ಸುತ್ತಿಗೆ ಕೂಡಿದರೆ ಎಲ್ಲ ಮೊದಲಿನಂತೆ. ಮೊದಲ ಒತ್ತು ಸರಿಯಾದ ಹೊತ್ತಿಗೇ ಬಿದ್ದಿರುವುದರಿಂದ ಹಿಂದಿನ ಸುತ್ತಿಗೆ ಸೇರಿಸಬಾರದು.

ಅಂಕಿಗಳು ತಾಳೆಯಾದ ಮೇಲೆ ಎಲ್ಲವನ್ನೂ ಸೆಕೆಂಡಿಗೆ ಇಳಿಸುವುದು ಮುಂದಿನ ಕೆಲಸ. 1:38.40 ಎಂದರೆ 60ಕ್ಕೆ 38.40 ಕೂಡಿ 98.40 ಸೆಕೆಂಡ್. ನೋಡಿದರೆ ಸುಲಭ. ಆದರೆ ಕ್ಯಾಲ್ಕುಲೇಟರಿನಲ್ಲಿ ಎರಡು ಚುಕ್ಕೆಯ ಗುಂಡಿ ಇರುವುದಿಲ್ಲ, ಅವಸರದ ಕೈ 1.384 ಎಂದು ಒತ್ತುತ್ತದೆ. 1.384 ನಿಮಿಷ ಎಂದರೆ 83.04 ಸೆಕೆಂಡ್. ಹದಿನೈದು ಸೆಕೆಂಡ್ ಎಲ್ಲಿಗೋ ಹೋಯಿತು. ನಿಮಿಷಕ್ಕೆ ನೂರು ಸೆಕೆಂಡ್ ಇಲ್ಲವೆಂಬುದು ಎಲ್ಲರಿಗೂ ಗೊತ್ತು, ಕೈಗೆ ಮಾತ್ರ ಗೊತ್ತಿಲ್ಲ.

ಹುಡುಗಿಯ ಒಟ್ಟು ಸಮಯ 11:41.80, ಅಂದರೆ 701.80 ಸೆಕೆಂಡ್. ಇದನ್ನು ಯಾವುದರಿಂದ ಭಾಗಿಸಬೇಕು?

“ಎಂಟು ಸಲ ಒತ್ತಿದೀನಲ್ಲಮ್ಮ, ಎಂಟರಿಂದ ಭಾಗಿಸು,” ಅಂತಾರೆ ಕೋಚ್.

“ಸರ್, 1:27.7 ಬಂತು. ಆದ್ರೆ ಕೊನೇ ಸುತ್ತು ಬಿಟ್ರೆ ಯಾವ್ದೂ ಅಷ್ಟು ಜೋರಿಲ್ವಲ್ಲ ಸರ್?”

ಹುಡುಗಿಯ ಅನುಮಾನ ಸರಿ. ಪೂರ್ತಿ ಸುತ್ತುಗಳಲ್ಲಿ ಆರು 1:32ಕ್ಕಿಂತ ನಿಧಾನ. ಸರಾಸರಿ ಅದಕ್ಕಿಂತ ಅಷ್ಟು ಕೆಳಗೆ ಹೋಗುವುದಕ್ಕೆ ದಾರಿಯಿಲ್ಲ. ಎಂಟು ಎಂಬುದು ಗುಂಡಿ ಒತ್ತಿದ ಲೆಕ್ಕ, ಸುತ್ತಿನ ಲೆಕ್ಕ ಏಳೂವರೆ. 701.80ನ್ನು 7.5ರಿಂದ ಭಾಗಿಸಿದರೆ 93.57, ಅಂದರೆ ಸುತ್ತಿಗೆ ಸರಾಸರಿ 1:33.57. ಕಿಲೋಮೀಟರಿಗೆ ಬೇಕಿದ್ದರೆ 3ರಿಂದ ಭಾಗಿಸಬೇಕು: 233.93 ಸೆಕೆಂಡ್, 3:53.9. ಎಂಟರಿಂದ ಭಾಗಿಸಿದವರಿಗೆ ಅದೇ ಓಟ ಕಿಲೋಮೀಟರಿಗೆ 3:39.3 ಆಗಿ ಕಾಣುತ್ತದೆ. ಹದಿನಾಲ್ಕೂವರೆ ಸೆಕೆಂಡಿನ ಸುಳ್ಳು.

ಇನ್ನೊಂದು ತಪ್ಪು ಇದಕ್ಕಿಂತ ನಯವಾದದ್ದು. ಪ್ರತಿ ಸುತ್ತಿನ ಪೇಸನ್ನು ಬೇರೆಬೇರೆ ಕಂಡುಹಿಡಿದು, ಆ ಎಂಟು ಪೇಸುಗಳನ್ನು ಕೂಡಿ ಎಂಟರಿಂದ ಭಾಗಿಸುವುದು. ಪೂರ್ತಿ ಸುತ್ತಿನ ಸೆಕೆಂಡನ್ನು 2.5ರಿಂದ ಗುಣಿಸಿದರೆ ಕಿಲೋಮೀಟರಿನ ಪೇಸು ಬರುತ್ತದೆ, ಮೊದಲ ಅರ್ಧ ಸುತ್ತಿನದನ್ನು 5ರಿಂದ ಗುಣಿಸಬೇಕು. ಇದು ಸರಿಯೇ. ಆದರೆ ಆ ಎಂಟರ ಸರಾಸರಿ ತೆಗೆದಾಗ 200 ಮೀಟರಿನ ಚುರುಕಾದ ಆರಂಭಕ್ಕೆ 400 ಮೀಟರಿನ ಸುತ್ತಿನಷ್ಟೇ ತೂಕ ಸಿಗುತ್ತದೆ. ನಮ್ಮ ಉದಾಹರಣೆಯಲ್ಲಿ 3:53.9ರ ಬದಲು 3:53.2 ಬರುತ್ತದೆ. ಮುಕ್ಕಾಲು ಸೆಕೆಂಡ್ ವ್ಯತ್ಯಾಸ, ಯಾರಿಗೂ ಅನುಮಾನವೇ ಬಾರದಷ್ಟು. ಸರಾಸರಿ ಬೇಕೆಂದರೆ ಒಟ್ಟು ಸಮಯವನ್ನು ಒಟ್ಟು ದೂರದಿಂದ ಭಾಗಿಸುವುದೊಂದೇ ದಾರಿ. ಪೇಸುಗಳ ಸರಾಸರಿ ಬೇಡ.

ಹತ್ತು ಹನ್ನೆರಡು ಮಕ್ಕಳ ಲೆಕ್ಕ ಇಡುವವರು ಇದನ್ನು ಎಕ್ಸೆಲ್‌ಗೆ ಹಾಕುತ್ತಾರೆ. ಅಲ್ಲಿ 1:38 ಎಂದಷ್ಟೇ ಹೊಡೆದರೆ ಎಕ್ಸೆಲ್ ಅದನ್ನು ಒಂದು ಗಂಟೆ ಮೂವತ್ತೆಂಟು ನಿಮಿಷ ಎಂದುಕೊಳ್ಳುತ್ತದೆ. ಈ ಜಂಜಾಟವೇ ಬೇಡವೆಂದರೆ ನಿಮಿಷಕ್ಕೊಂದು ಕಾಲಂ, ಸೆಕೆಂಡಿಗೊಂದು ಕಾಲಂ ಮಾಡಿಕೊಳ್ಳುವುದು ಒಳ್ಳೆಯದು. A ನಿಮಿಷ, B ಸೆಕೆಂಡ್, D ದೂರ ಮೀಟರಿನಲ್ಲಿ ಎಂದಿಟ್ಟುಕೊಂಡರೆ C ಕಾಲಮ್ಮಿಗೆ ಮೊದಲ ಸೂತ್ರ, Eಗೆ ಎರಡನೆಯದು, Fಗೆ ಮೂರನೆಯದು:

```
=A2*60+B2
=ROUND(C2*1000/D2,0)
=INT(E2/60)&":"&TEXT(MOD(E2,60),"00")
```

ಎರಡನೇ ಸೂತ್ರದಲ್ಲಿರುವ ROUND ಅಲಂಕಾರಕ್ಕಲ್ಲ. ಐದನೇ ಸುತ್ತನ್ನೇ ನೋಡಿ: 95.87 ಸೆಕೆಂಡನ್ನು 2.5ರಿಂದ ಗುಣಿಸಿದರೆ 239.675. ಇದರಲ್ಲಿ ಮೂರು ನಿಮಿಷ ತೆಗೆದರೆ ಉಳಿಯುವುದು 59.675, ಅದನ್ನು ಆಮೇಲೆ ಪೂರ್ಣಾಂಕ ಮಾಡಿದರೆ 60. ಹಾಳೆಯ ಮೇಲೆ 3:60 ಎಂಬ ವಿಚಿತ್ರ ಸಮಯ ಮೂಡುತ್ತದೆ. ಮೊದಲು ಪೂರ್ಣಾಂಕ ಮಾಡಿ ಆಮೇಲೆ ನಿಮಿಷ ಬೇರೆ ಮಾಡಿದರೆ ಸರಿಯಾಗಿ 4:00.

ಸರಾಸರಿ ಸಿಕ್ಕಿತು. ಆದರೆ ಕೋಚ್‌ಗೆ ನಿಜವಾಗಿ ಬೇಕಾದ್ದು ಸರಾಸರಿಯಲ್ಲ. 1:33.57 ಎಂಬ ಅಂಕಿಗೆ ಹತ್ತಿರವಿರುವ ಸುತ್ತು ಈ ಓಟದಲ್ಲಿ ಒಂದೇ ಒಂದು, ಮೂರನೇ ಸಾಲಿನದು. ಉಳಿದ ಕಥೆಯೆಲ್ಲ ಅದರ ಆಚೀಚೆ ಇದೆ. ಎರಡನೇ ಸಾಲಿನಿಂದ ಆರರವರೆಗೆ ಓದಿದರೆ 92, 93, 94, 95, 98 ಎಂದು ಪ್ರತಿ ಸುತ್ತೂ ಹಿಂದಿನದಕ್ಕಿಂತ ನಿಧಾನ. ಆರರಲ್ಲಿ ಕುಸಿತ. ಏಳರಲ್ಲಿ ಸ್ವಲ್ಪ ಚೇತರಿಕೆ. ಕೊನೆಯ ಸುತ್ತು ಥಟ್ಟನೆ 87.26. ಕೊನೆಯಲ್ಲಿ ಅಷ್ಟು ಉಳಿದಿತ್ತೆಂದರೆ ನಡುವೆ ಅಷ್ಟು ಕಳೆಯಬೇಕಿರಲಿಲ್ಲ.

ಕಿಲೋಮೀಟರಿನ ಲೆಕ್ಕದಲ್ಲಿ ಇದು ಇನ್ನೂ ನಿಚ್ಚಳ. ಟ್ರ್ಯಾಕಿನ ಒಂದು ಅನುಕೂಲವೆಂದರೆ, 200 ಮೀಟರ್ ಮತ್ತು ಎರಡು ಪೂರ್ತಿ ಸುತ್ತು ಸೇರಿದರೆ ಸರಿಯಾಗಿ 1000. ಹಾಗಾಗಿ ಮೂರನೇ ಸಾಲಿನ 3:49.54 ಮೊದಲ ಕಿಲೋಮೀಟರಿನ ನಿಜವಾದ ಸಮಯ. 2000 ಮೀಟರ್ ಮುಗಿಯುವುದು ಮಾತ್ರ ಎದುರು ಬದಿಯಲ್ಲಿ, ಓಟ ಶುರುವಾದ ಗೆರೆಯ ಹತ್ತಿರ, ಆರನೇ ಸಾಲಿನ ಸುತ್ತಿನ ನಟ್ಟನಡುವೆ. ಅಲ್ಲಿ ಯಾರೂ ಗುಂಡಿ ಒತ್ತಿಲ್ಲ. ಆ ಸುತ್ತಿನ ಅರ್ಧ, 49.20 ಸೆಕೆಂಡನ್ನು, 7:00.03ಕ್ಕೆ ಕೂಡಿದರೆ ಸುಮಾರು 7:49.2. ಇದು ಅಂದಾಜು, ಸುತ್ತಿನ ಮೊದಲರ್ಧವೂ ಎರಡನೆಯರ್ಧವೂ ಒಂದೇ ವೇಗದಲ್ಲಿತ್ತೆಂಬ ನಂಬಿಕೆಯ ಮೇಲೆ ನಿಂತದ್ದು. ಹೀಗೆ ಮೂರು ಕಿಲೋಮೀಟರುಗಳು 3:49.5, 3:59.7, 3:52.6. ನಡುವಿನ ಕಿಲೋಮೀಟರಿನಲ್ಲಿ ಹತ್ತು ಸೆಕೆಂಡ್ ಸೋರಿಹೋಗಿದೆ. 5000 ಮೀಟರ್ ಓಟದಲ್ಲೂ ಇದೇ ಏರ್ಪಾಡು: ಒಂದು, ಮೂರು, ಐದನೇ ಕಿಲೋಮೀಟರುಗಳು ಫಿನಿಶ್ ಲೈನಿನಲ್ಲಿ, ಎರಡು ಮತ್ತು ನಾಲ್ಕು ಎದುರು ಬದಿಯಲ್ಲಿ. ವರ್ಲ್ಡ್ ಅಥ್ಲೆಟಿಕ್ಸ್ ನಿಯಮಗಳು 3000 ಮೀಟರ್ ಮತ್ತು ಅದಕ್ಕೆ ಮೇಲ್ಪಟ್ಟ ಓಟಗಳಲ್ಲಿ ಪ್ರತಿ ಸಾವಿರ ಮೀಟರಿನ ಸಮಯವನ್ನು ದಾಖಲಿಸಬೇಕೆನ್ನುತ್ತವೆ. ಅಭ್ಯಾಸದ ಮೈದಾನದಲ್ಲಿ ಅದಕ್ಕೆ ಇನ್ನೊಂದು ವಾಚು ಹಿಡಿದ ಗೆಳತಿಯೊಬ್ಬಳನ್ನು ಆಚೆ ಬದಿ ನಿಲ್ಲಿಸಿದರೆ ಸಾಕು.

ಸುತ್ತುಗಳ ಸಮಯವನ್ನು ಓಟ ಮುಗಿದ ಮೇಲೆ ನೋಡುವುದಕ್ಕೂ ಓಡುತ್ತಲೇ ನೋಡುವುದಕ್ಕೂ ಬಹಳ ಅಂತರ. ಫಿನ್ಲೆಂಡಿನ ಪಾವೊ ನುರ್ಮಿ ಎರಡನೆಯದನ್ನು ಮಾಡುತ್ತಿದ್ದವನು. ಸ್ಟಾಪ್‌ವಾಚನ್ನು ಅಂಗೈಯಲ್ಲೇ ಹಿಡಿದು ಓಡುತ್ತಿದ್ದ, ಪಕ್ಕದಲ್ಲಿ ಓಡುವವರನ್ನು ನೋಡುವ ಬದಲು ವಾಚು ನೋಡುತ್ತಿದ್ದ. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಒಂದೇ ದಿನ, ಸುಮಾರು ಎರಡು ಗಂಟೆಯೊಳಗೆ, 1500 ಮತ್ತು 5000 ಮೀಟರ್ ಎರಡರಲ್ಲೂ ಚಿನ್ನ ಗೆದ್ದ. ಅವನ 5000 ಮೀಟರಿನ ಸಮಯ 14:31.2. ನಮ್ಮ ಸೂತ್ರ ಹಾಕಿದರೆ 871.2 ಸೆಕೆಂಡನ್ನು ಹನ್ನೆರಡೂವರೆಯಿಂದ ಭಾಗಿಸಿ 400 ಮೀಟರಿಗೆ ಸರಾಸರಿ 69.7. ಉಗಾಂಡದ ಜೋಶುವಾ ಚೆಪ್ಟೆಗೀ 2020ರ ಆಗಸ್ಟ್ 14ರಂದು ಮೊನಾಕೊದಲ್ಲಿ ಅದೇ ದೂರವನ್ನು 12:35.36ರಲ್ಲಿ ಓಡಿ ವಿಶ್ವದಾಖಲೆ ಮಾಡಿದ, ಸುತ್ತಿಗೆ 60.4. ಶತಮಾನದ ಅಂತರವೆಂದರೆ ಸುತ್ತಿಗೆ ಒಂಬತ್ತು ಸೆಕೆಂಡ್ ಚಿಲ್ಲರೆ.

ನುರ್ಮಿಯ ಸಮಯದಲ್ಲಿ ಚುಕ್ಕೆಯ ನಂತರ ಒಂದೇ ಅಂಕಿ ಇದೆ, ಚೆಪ್ಟೆಗೀಯದರಲ್ಲಿ ಎರಡು. ಕೈಯಿಂದ ಹಿಡಿದ ಸಮಯಕ್ಕೂ ಯಂತ್ರ ಹಿಡಿದ ಸಮಯಕ್ಕೂ ಇರುವ ವ್ಯತ್ಯಾಸ ಅದು. ಸ್ಟಾಪ್‌ವಾಚು ಸೆಕೆಂಡಿನ ನೂರನೇ ಒಂದು ಭಾಗ ತೋರಿಸುತ್ತದೆ ನಿಜ, ಆದರೆ ಒತ್ತುವ ಹೆಬ್ಬೆರಳಿಗೆ ಅಷ್ಟು ನಿಖರತೆ ಇಲ್ಲ. ಅದಕ್ಕೇ ಕೈ ಸಮಯವನ್ನು ಸೆಕೆಂಡಿನ ಹತ್ತನೇ ಭಾಗಕ್ಕೆ, ಅದೂ ಯಾವಾಗಲೂ ಮೇಲಕ್ಕೇ ಏರಿಸಿ ಬರೆಯಬೇಕೆಂದು ನಿಯಮ. 11:41.81 ಬಂದಿದ್ದರೆ ದಾಖಲೆಗೆ ಹೋಗುವುದು 11:41.9. ನಮ್ಮ ಹುಡುಗಿಯದು ಸರಿಯಾಗಿ .80, ಹಾಗಾಗಿ 11:41.8 ಹಾಗೇ ಉಳಿಯುತ್ತದೆ. ಮೂವರು ಅಧಿಕೃತರು ವಾಚು ಹಿಡಿದು ಮೂವರಿಗೂ ಬೇರೆಬೇರೆ ಸಮಯ ಬಂದರೆ ನಡುವಿನದನ್ನು ತೆಗೆದುಕೊಳ್ಳುತ್ತಾರೆ, ಇಬ್ಬರದು ಒಂದಾದರೆ ಅದನ್ನೇ.

ಹೆಬ್ಬೆರಳಿನ ತಪ್ಪಿಗೆ ಒಂದು ವಿಶೇಷ ಗುಣವಿದೆ. ಅದು ಮುಂದಕ್ಕೆ ಜಮೆಯಾಗುತ್ತ ಹೋಗುವುದಿಲ್ಲ. ಆರನೇ ಸುತ್ತಿನ ಕೊನೆಯಲ್ಲಿ ಕೋಚ್ 0.3 ಸೆಕೆಂಡ್ ತಡವಾಗಿ ಒತ್ತಿದರು ಎಂದುಕೊಳ್ಳೋಣ. ಆಗ ಆರನೇ ಸುತ್ತು ನಿಜಕ್ಕಿಂತ 0.3 ಹೆಚ್ಚು, ಏಳನೆಯದು ಅಷ್ಟೇ ಕಡಿಮೆ. ನಿಜವಾದ ಸಮಯಗಳು 98.10 ಮತ್ತು 96.41. ಆದರೆ ಒಟ್ಟು ಸಮಯ ಕದಲುವುದಿಲ್ಲ, ಏಕೆಂದರೆ ಅದು ಮೊದಲ ಮತ್ತು ಕೊನೆಯ ಒತ್ತುಗಳನ್ನಷ್ಟೇ ಅವಲಂಬಿಸಿದೆ. ಆದ್ದರಿಂದ ಸರಾಸರಿ ಪೇಸನ್ನು ಧೈರ್ಯವಾಗಿ ನಂಬಬಹುದು, ಒಂದೊಂದು ಸುತ್ತಿನದನ್ನು ಸ್ವಲ್ಪ ಅಳೆದು ನೋಡಿ ನಂಬಬೇಕು. ಆರನೇ ಸುತ್ತಿನ ಕುಸಿತ ಈ ತಪ್ಪು ಕಳೆದರೂ ಉಳಿಯುತ್ತದೆ, ಹಾಗಾಗಿ ಅದು ನಿಜ. ಬದಲಿಗೆ ಎರಡು ಸುತ್ತುಗಳ ನಡುವೆ ಇದ್ದದ್ದು ಕಾಲು ಸೆಕೆಂಡಿನ ವ್ಯತ್ಯಾಸವಾಗಿದ್ದರೆ ಅದರ ಬಗ್ಗೆ ಮಾತಾಡದಿರುವುದೇ ಲೇಸು.

ದೂರ ಚಿಕ್ಕದಾದಷ್ಟೂ ಈ ತಪ್ಪು ದೊಡ್ಡದಾಗಿ ಕಾಣುತ್ತದೆ. 0.2 ಸೆಕೆಂಡಿನ ಎಡವಟ್ಟು 400 ಮೀಟರಿನ ಸುತ್ತಿನಲ್ಲಿ ಕಿಲೋಮೀಟರಿಗೆ ಅರ್ಧ ಸೆಕೆಂಡಾಗುತ್ತದೆ, 200 ಮೀಟರಿನಲ್ಲಿ ಒಂದು ಸೆಕೆಂಡ್, 100 ಮೀಟರಿನಲ್ಲಿ ಎರಡು. ನೂರು ಮೀಟರಿಗೊಮ್ಮೆ ಗುಂಡಿ ಒತ್ತಿ ಪೇಸಿನ ಗ್ರಾಫ್ ಬರೆಯುವವರ ಗೆರೆ ಗರಗಸದಂತಿರುವುದಕ್ಕೆ ಓಟಗಾರರ ಕಾಲು ಕಾರಣವಲ್ಲ.

ಇಷ್ಟು ಹೊತ್ತು ಸಮಯದ ಮಾತಾಯಿತು. ದೂರ ಗೊತ್ತಿದೆ ಎಂದು ಆರಂಭದಲ್ಲೇ ಒಪ್ಪಿಕೊಂಡದ್ದು ಎಷ್ಟು ಸರಿ? ಬೆಂಗಳೂರಿನ ಕಂಠೀರವದಂಥ ಸಿಂಥೆಟಿಕ್ ಟ್ರ್ಯಾಕಿನಲ್ಲಿ ಮೊದಲ ಲೇನಿನ ಸುತ್ತು 400 ಮೀಟರ್. ಅದನ್ನು ಅಳೆಯುವುದು ಒಳಗಿನ ಅಂಚುಕಟ್ಟೆಯ ಮೇಲಲ್ಲ, ಅದರಿಂದ 30 ಸೆಂಟಿಮೀಟರ್ ಹೊರಗೆ, ಓಡುವವರ ಹೆಜ್ಜೆ ಬೀಳುವ ಕಡೆ. ಕಟ್ಟೆಯಿಲ್ಲದೆ ಬರೀ ಗೆರೆಯಿದ್ದರೆ 20 ಸೆಂಟಿಮೀಟರ್ ಹೊರಗೆ. ನಡೆಯುವವರ ಗುಂಪು ಮೊದಲ ಲೇನನ್ನು ಆಕ್ರಮಿಸಿಕೊಂಡ ಬೆಳಿಗ್ಗೆ ನಮ್ಮ ಹುಡುಗಿ ಪೂರ್ತಿ ಎರಡನೇ ಲೇನಿನಲ್ಲೇ ಓಡಿದ್ದರೆ ಅವಳ ಒಂದೊಂದು ಸುತ್ತೂ 407.04 ಮೀಟರ್. ಅದೇ ಸಮಯಕ್ಕೆ ಅವಳ ನಿಜವಾದ ಪೇಸು 3:53.9 ಅಲ್ಲ, ಸುಮಾರು 3:49.9. ಕಿಲೋಮೀಟರಿಗೆ ನಾಲ್ಕು ಸೆಕೆಂಡಿನ ಅನ್ಯಾಯ. ಫೋಟೊದಲ್ಲಿ ಲೇನ್ ಕಾಣುವುದಿಲ್ಲ, ಆದ್ದರಿಂದ ಫೋಟೊ ಕಳಿಸುವಾಗ ಅದನ್ನು ಬರೆದು ಕಳಿಸಬೇಕು.

ಶಾಲೆಯ ಮಣ್ಣಿನ ಮೈದಾನದ 200 ಮೀಟರ್ ಟ್ರ್ಯಾಕಿನ ಕಥೆ ಬೇರೆ. ಗೂಟ ನೆಟ್ಟು, ಹಗ್ಗ ಸುತ್ತಿಸಿ, ಸುಣ್ಣದ ಪುಡಿಯಲ್ಲಿ ಗೆರೆ ಎಳೆದು, ಟೇಪನ್ನು ಆ ಗೆರೆಯ ಮೇಲೇ ಹಿಡಿದು 200 ಎಂದು ಅಳೆದಿರುತ್ತಾರೆ. ಮಕ್ಕಳು ಗೆರೆಯ ಮೇಲೆ ಓಡುವುದಿಲ್ಲ, ಅದರ ಹೊರಗೆ ಓಡುತ್ತಾರೆ. 20 ಸೆಂಟಿಮೀಟರ್ ಹೊರಗೆ ಎಂದರೆ ಎರಡೂ ತಿರುವು ಸೇರಿ ಸುತ್ತಿಗೆ 1.26 ಮೀಟರ್ ಹೆಚ್ಚು. ತಿರುವು ಅಗಲವಾಗಿರಲಿ ಕಿರಿದಾಗಿರಲಿ, ಈ ಹೆಚ್ಚುವರಿ ಅಷ್ಟೇ. 3000 ಮೀಟರಿಗೆ ಅಲ್ಲಿ ಹದಿನೈದು ಸುತ್ತು, ಅಂದರೆ ಸುಮಾರು 19 ಮೀಟರ್ ಪುಕ್ಕಟೆ ಓಟ. ಅಂಥ ಮೈದಾನದಲ್ಲಿ 11:41.8 ಓಡಿದ ಹುಡುಗಿ ಅದೇ ಪೇಸಿನಲ್ಲಿ, ಸರಿಯಾಗಿ ಅಳೆದ ಟ್ರ್ಯಾಕಿನಲ್ಲಿ ಓಡಿದರೆ ವಾಚು ನಿಲ್ಲುವುದು 11:37.4ರ ಆಸುಪಾಸಿನಲ್ಲಿ.